ಅಮರಮ್ಮ ಕಾದ ದಿನಗಳು

ಅಮರಮ್ಮ ನಿಧಾನದ ಹುಡುಗಿ ಎಂದು ನಮ್ಮ ಆಫೀಸಿನಲ್ಲಿ ಮೊದಲು ಹೇಳಿದವನು ನಾನೇ. ಹೇಳಿದ್ದು ಒಂದು ಸಲ ಅಲ್ಲ, ಹತ್ತು ಸಲ.

ಗಂಗಾವತಿಯ ಕಾರಟಗಿ ರಸ್ತೆಯಲ್ಲಿ, ರೈಸ್ ಮಿಲ್ಲಿನ ಬಿಡಿಭಾಗ ಮಾರುವ ಅಂಗಡಿಯ ಮೇಲೆ ನಮ್ಮ ಆಫೀಸು. ಮಿಲ್ಲುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತೇವೆ. ಭತ್ತದ ತೂಕ, ತೇವಾಂಶ, ಗೇಟ್ ಪಾಸು ಇಂಥವು. ಬೇವೂರಿನ ಅಮರಮ್ಮ ಆರು ತಿಂಗಳ ಪ್ರೊಬೇಷನ್ ಮೇಲೆ ಸೇರಿದ್ದಳು. ಅವರ ಮನೆಯಲ್ಲಿ ಎಂಜಿನಿಯರಿಂಗ್ ಓದಿದವಳು ಅವಳೊಬ್ಬಳೇ. ಅಜ್ಜಿಯ ಹೆಸರಿಟ್ಟುಕೊಂಡ ಹುಡುಗಿ ಎಂದು ನಾವು ಕಾಡಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಮಾತು ಕಡಿಮೆ. ಊಟದ ಡಬ್ಬಿಯ ಶೇಂಗಾ ಚಟ್ನಿಯನ್ನು ಮಾತ್ರ ಕೇಳುವ ಮೊದಲೇ ಹಂಚುತ್ತಿದ್ದಳು.

ಆರನೇ ತಿಂಗಳಿಗೆ ಲೆಕ್ಕ ತೆಗೆದಾಗ, ಯಾರ ಕೆಲಸ ಯಾವತ್ತು ಮುಗಿಯಬೇಕೆಂದು ಬರೆದಿಡುವ ಟ್ರ್ಯಾಕರಿನಲ್ಲಿ ಅವಳ ಹೆಸರಿಗಿದ್ದ ಒಂಬತ್ತು ಟಾಸ್ಕಿನಲ್ಲಿ ಏಳು ತಡವಾಗಿದ್ದವು. ಮಾಲೀಕರು ಶರಣಬಸಪ್ಪನವರು ನನ್ನನ್ನು ಕರೆದರು.

"ಕಲ್ಲೇಶ, ಹುಡುಗಿನ್ನ ಕಾಯಂ ಮಾಡೂದೋ, ಬಿಡೂದೋ? ನನಗ ನಿನ್ನ ಸಿಟ್ಟು ಬ್ಯಾಡ. ಯಾಕ ತಡಾ ಆಗ್ಯಾವ, ಅದನ್ನ ತೋರಸು."

ತೋರಿಸೋಣ, ಅದರಲ್ಲೇನು ಎಂದುಕೊಂಡೆ. ಬರೆದ ಕೋಡನ್ನು ನಮ್ಮಲ್ಲಿ ನನ್ನನ್ನು ಬಿಟ್ಟು ಯಾರೂ ನೇರವಾಗಿ ಸೇರಿಸುವಂತಿಲ್ಲ. ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಹಾಕಬೇಕು, ಇನ್ನೊಬ್ಬರು ಓದಿ ಒಪ್ಪಬೇಕು. ಆ ಓದುವವನು ನಾನೊಬ್ಬನೇ. ಪ್ರತಿ ರಿಕ್ವೆಸ್ಟಿನ ಹೆಸರಿನಲ್ಲೂ ಟಾಸ್ಕಿನ ನಂಬರು ಬರೆಯುವ ಪದ್ಧತಿ ಇದ್ದದ್ದರಿಂದ ಟ್ರ್ಯಾಕರು, ರಿಕ್ವೆಸ್ಟು ಎರಡೂ ಕಡೆಯ ಸಮಯವನ್ನು ಹೊಂದಿಸುವುದು ಕಷ್ಟವಾಗಲಿಲ್ಲ. ರಿಕ್ವೆಸ್ಟ್ ತೆರೆದ ಹೊತ್ತು, ನಾನು ಮೊದಲು ನೋಡಿದ ಹೊತ್ತು, ಒಪ್ಪಿದ ಹೊತ್ತು, ಟಾಸ್ಕ್ ಮುಗಿಯಬೇಕಾದ ದಿನ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಭಾನುವಾರ ಬಿಟ್ಟು ಎಣಿಸಿದೆ.

ಅವಳ ರಿಕ್ವೆಸ್ಟುಗಳು ನನ್ನ ಮೊದಲ ನೋಟಕ್ಕೆ ಸರಾಸರಿ ಆರು ದಿನ ಕಾದಿದ್ದವು. ಎಣಿಕೆಯಲ್ಲಿ ಎಲ್ಲೋ ತಪ್ಪಿದ್ದೇನೆಂದು ಅವಳನ್ನೇ ಕರೆದು ಹಾಳೆ ತೋರಿಸಿದೆ.

ಅವಳು ನಿಧಾನವಾಗಿ ಓದಿ, "ಇದು ನಿಮಗ ಅನ್ಯಾಯ ಆಗೈತ್ರಿ ಸರ್" ಎಂದಳು. "ನಾನು ಕೆಲಸ ಚಾಲೂ ಮಾಡಿದ ದಿನಾನ ರಿಕ್ವೆಸ್ಟ್ ಡ್ರಾಫ್ಟ್ ಅಂತ ತೆರೀತೀನ್ರಿ. ಆವಾಗ ನಿಮಗ ನೋಡ್ರಿ ಅಂತ ಕೇಳಿರಂಗಿಲ್ಲ. ರಿವ್ಯೂ ಕೇಳಿದ ಹೊತ್ತಿನಿಂದ ಎಣಸ್ರಿ."

ತನ್ನ ನೌಕರಿ ಹೋಗುವ ಹೊತ್ತಿನಲ್ಲಿ ನನ್ನ ಪರವಾಗಿ ಮಾತಾಡುತ್ತಾಳಲ್ಲ ಎಂದು ನಾಚಿಕೆಯಾಯಿತು. ಹಾಗೇ ಎಣಿಸಿದೆ. ಆರು ಹೋಗಿ ಮೂರು ದಿನವಾಯಿತು. ನಾನು ತಪ್ಪು ತೋರಿಸಿದ ಮೇಲೆ ಅವಳು ತಿದ್ದಿ ಕಳಿಸಿದ್ದು ಮಾತ್ರ ಪ್ರತಿ ಸಲವೂ ಎರಡು ಮೂರು ತಾಸಿನಲ್ಲಿ. ಯಾರಿಗಾದರೂ ಅರ್ಧ ದಿನ ಕಾಯುವುದು ಸಹಜ ಎಂದು ಅಷ್ಟನ್ನು ಬಿಟ್ಟು, ಉಳಿದ ಕಾಯುವಿಕೆಯನ್ನು ಕಳೆದು ನೋಡಿದೆ. ಏಳರಲ್ಲಿ ಐದು ಟಾಸ್ಕು ಗಡುವಿನೊಳಗೇ ಮುಗಿಯುತ್ತಿದ್ದವು. ಎರಡು ಮಾತ್ರ ನಿಜವಾಗಿ ಅವಳಿಂದ ತಡವಾಗಿದ್ದವು.

ಹಾಗಾದರೆ ನನ್ನ ಪಕ್ಕ ಕೂರುವ ಮಾಂತೇಶನ ರಿಕ್ವೆಸ್ಟುಗಳು? ಮೂರು ತಾಸಿನಲ್ಲಿ ನೋಡಿದ್ದೆ. ಅವನು ಹಾಕಿದ ಕೂಡಲೇ "ಅಣ್ಣಾ, ನೋಡು" ಎಂದು ಕೂಗುತ್ತಾನೆ, ನಾನು ನೋಡುತ್ತೇನೆ. ಕೂಗಿದವರದು ಮೊದಲು, ಕೂಗದವರದು ಬಿಡುವಾದಾಗ.

"ನೀ ಒಂದ್ಸಲಾನೂ ಯಾಕ ಕರೀಲಿಲ್ಲ ಅಮರಮ್ಮ?"

"ಬಂದ ದಿನ ನೀವ ಹೇಳಿದ್ರಲ್ರಿ ಸರ್, ಸುಮ್ಮಸುಮ್ಮನ ಕರದು ತಲಿ ತಿನಬ್ಯಾಡ, ನಾನ ನೋಡತೀನಿ ಅಂತ."

ಹೇಳಿದ್ದೆ. ಅದೂ ಗದರಿಸಿ ಹೇಳಿದ್ದೆ.

ಆ ಹಾಳೆಯನ್ನು ಒಂದಕ್ಷರ ಅಡಗಿಸದೆ ಮಾಲೀಕರ ಮುಂದಿಟ್ಟೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದೆ. ಮೊದಲು ಮಿಲ್ಲು ನಡೆಸಿದ ಅವರು ಕನ್ನಡಕ ತೆಗೆದು ನಕ್ಕರು. "ತೂಕದ ಕಾಟಾದ ಮುಂದ ಲಾರಿ ನಿಂತರ ಡ್ರೈವರ್‌ಗ ಬೈದು ಏನ್ ಉಪಯೋಗೋ? ಕಾಟಾ ಇನ್ನೊಂದು ಹಾಕೋಣ. ಆಕಿ ಕಾಯಂ."

ಸುದ್ದಿ ಕೇಳಿ ಅವಳು ಕುರ್ಚಿಯಲ್ಲೇ ಕಣ್ಣೊರೆಸಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗಿಂತ ನನಗೇ ಹೆಚ್ಚು ಹಗುರವಾಯಿತು. ಇನ್ನೊಂದು ವಾರ ತಡವಾಗಿದ್ದರೆ, ಒಳ್ಳೆಯ ಕೆಲಸಗಾರ್ತಿಯೊಬ್ಬಳನ್ನು ನಾನೇ ಬೇವೂರಿನ ಬಸ್ಸು ಹತ್ತಿಸುತ್ತಿದ್ದೆ.

ಈಗ ಟ್ರ್ಯಾಕರಿನಲ್ಲಿ 'ರಿವ್ಯೂಗೆ ಕಾಯುತ್ತಿದೆ' ಎಂಬ ಹೊಸ ಕಾಲಮ್ಮಿದೆ. ಟಾಸ್ಕು ಅಲ್ಲಿರುವಷ್ಟು ಹೊತ್ತು ಬರೆದವರ ಬದಲು ನೋಡಬೇಕಾದವರ ಹೆಸರು ಕಾಣುತ್ತದೆ. ಕೋಡು ಓದಿ ಒಪ್ಪುವ ಎರಡನೇ ಕಾಟಾ ಅಮರಮ್ಮನೇ.

ಸೋಮವಾರ ನನ್ನ ಕೋಡು ಮೊದಲ ಸಲ ಅವಳ ಕೈಗೆ ಹೋಯಿತು. ಚಹಾ ತರಿಸಿ ಕುಡಿದು ಲೋಟ ಇಟ್ಟಿದ್ದೆನಷ್ಟೇ, ಮೂಲೆಯಿಂದ ದನಿ ಬಂತು. ಆರು ತಿಂಗಳಲ್ಲಿ ಅವಳು ಕೂಗಿ ಕರೆದದ್ದು ಅದೇ ಮೊದಲು.

"ಸರ್, ನೋಡೀನ್ರಿ. ಹನ್ನೊಂದು ತಪ್ಪು ಅದಾವು."