ಆರೂ ಒಂದು

ನಮ್ಮತ್ತೆಗೆ ‘ಏಳು’ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಮನೆಮಾತು ತೆಲುಗು. ತೆಲುಗಿನಲ್ಲಿ ಏಳಕ್ಕೆ ‘ಏಡು’ ಎನ್ನುತ್ತಾರೆ, ‘ಅಳು’ ಎನ್ನುವುದಕ್ಕೂ ಅದೇ ಮಾತು. ಮದ್ದು ಕಟ್ಟುವ ಮನೆಯಲ್ಲಿ ಕೂತು ಯಾರಿಗಾದರೂ ಅಳು ಎನ್ನುವುದುಂಟೇ? ಆದ್ದರಿಂದ ಕನ್ನಡದಲ್ಲಿ ಎಣಿಸುವಾಗಲೂ ಆರಾದ ಮೇಲೆ ‘ಆರೂ ಒಂದು’ ಎಂದು ಹೇಳಿ ಎಂಟಕ್ಕೆ ಹಾರುತ್ತಿದ್ದರು. ಹಾಲಿನವಳು ಏಳು ಗಂಟೆಗೆ ಬಂದರೂ ಅವರ ಪಾಲಿಗೆ ಆರೂ ಒಂದು ಗಂಟೆಗೇ ಬಂದ ಹಾಗೆ. ಗುಮ್ಮಳಾಪುರದಿಂದ ಸೊಸೆಯಾಗಿ ಬಂದ ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಆ ನಗು ಎಲ್ಲಿ ಹೋಯಿತೆಂದು ಹೇಳುತ್ತೇನೆ.

ರಾಯಕೋಟೆಯಲ್ಲಿ ನಮ್ಮ ಮಾವ ನಾಟಿ ಪಂಡಿತರು. ಯುದ್ಧದ ಕಾಲ ಅದು, ಕ್ವಿನೈನು ಕಣ್ಣಿಗೂ ಬೀಳುತ್ತಿರಲಿಲ್ಲ. ಜ್ವರ ಬಂದವರೆಲ್ಲ ನಮ್ಮ ಪುಡಿಯನ್ನೇ ಕೇಳುತ್ತಿದ್ದರು. ಮಾವ ಮದ್ದು ಕುಟ್ಟಿ ಕೊಡುವವರೆಗೆ ಮಾತ್ರ ಯಜಮಾನರು. ಅದು ಪೊಟ್ಟಣವಾಗಿ, ಡಬ್ಬಿಯಾಗಿ ಹೊಸಿಲು ದಾಟುವುದು ಅತ್ತೆಯ ಕೈಯಲ್ಲಿತ್ತು.

ವಾಡಿಕೆಯ ಡಬ್ಬಿಯಲ್ಲಿ ಆರು ಜ್ವರದ ಪೊಟ್ಟಣ, ಒಂದು ಭೇದಿಯ ಪೊಟ್ಟಣ. ಜ್ವರದ್ದು ಅಮೃತಬಳ್ಳಿ, ಶುಂಠಿ ಸೇರಿದ ಸಾಧು ಪುಡಿ, ಅದಕ್ಕೆ ಬಿಳಿ ದಾರ. ಭೇದಿಯದರಲ್ಲಿ ಜಾಪಾಳದ ಬೀಜವಿತ್ತು, ಅದಕ್ಕೆ ನೀಲಿ ದಾರ. ಮೊದಲ ದಿನ ಬೆಳಗಿನ ಜಾವ ನೀಲಿಯದನ್ನು ನುಂಗಿ ಹೊಟ್ಟೆ ತೊಳೆದುಕೊಂಡು, ಮಾರನೆಯ ದಿನದಿಂದ ಬಿಳಿಯದು. ಮೊದಲು ಬೇಕಾದದ್ದೆಂದು ನೀಲಿಯದನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದೆವು. ಯುದ್ಧದಿಂದಾಗಿ ತಗಡು ಸಿಗದೆ ಡಬ್ಬಿಗಳನ್ನು ತಾಳೆಗರಿಯಲ್ಲಿ ಹೆಣೆಸುತ್ತಿದ್ದರು. ಒಂದರೊಳಗೆ ಇನ್ನೊಂದು ಕೂರುವ ಎರಡು ಭಾಗ, ಯಾವುದು ಮುಚ್ಚಳ ಯಾವುದು ತಳ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಕಟ್ಟಿದವಳು ಮುದ್ರೆ ಒತ್ತಬಾರದು, ಮುದ್ರೆ ಒತ್ತುವವಳು ಕಟ್ಟಬಾರದು. ಇದು ಅತ್ತೆಯ ಕಟ್ಟಪ್ಪಣೆ. ನಾನು ಡಬ್ಬಿ ತುಂಬಿ ಮುಂದಿಟ್ಟರೆ ಅವರು ಎಲ್ಲವನ್ನೂ ಮೊರಕ್ಕೆ ಸುರಿದುಕೊಳ್ಳುವರು. ಒಂದೊಂದು ಪೊಟ್ಟಣವನ್ನೂ ಕರಿ ಹಲಗೆಯ ಮೇಲೆ ತಟ್ಟಿ, ಪುಡಿ ಉದುರಿದರೆ ವಾಪಸು. ದಾರದ ಬಣ್ಣ ನೋಡಿ, ಗಟ್ಟಿಯಾಗಿ ಎಣಿಸಿ ಮತ್ತೆ ತುಂಬಿ, ಮಾದರಿ ಡಬ್ಬಿಯ ಎದುರಿಗೆ ತಕ್ಕಡಿಯಲ್ಲಿ ತೂಗುವರು. ಎಲ್ಲ ಸರಿಯಿದ್ದರೆ ಮಾತ್ರ ಡಬ್ಬಿಗೆ ಹುರಿ ಕಟ್ಟಿ ಅದರ ಗಂಟಿನ ಮೇಲೆ ಅರಗು ಬಿಟ್ಟು ಮುದ್ರೆ. ನಾನೇನು ಕಳ್ಳಿಯೇ, ನನ್ನ ಕೆಲಸವನ್ನೆಲ್ಲ ಹೀಗೆ ಕೆದಕುತ್ತಾರಲ್ಲ ಎಂದು ಮೈ ಉರಿಯುತ್ತಿತ್ತು. ಒಮ್ಮೆ ಅಂದೂಬಿಟ್ಟೆ.

“ನಿನ್ ಮೇಲೆ ಅನುಮಾನ ಅಲ್ಲ ಕಣಮ್ಮಿ” ಎಂದರು. “ಕಟ್ಟಿದ ಕಣ್ಣಿಗೆ ತಾನು ಕಟ್ಟಿದ್ದೆಲ್ಲ ಸರಿಯಾಗೇ ಕಾಣ್ತದೆ. ಹೆತ್ತೋರಿಗೆ ಹೆಗ್ಗಣ ಮುದ್ದು.”

ಆ ವರ್ಷ ಊರಿಗೆಲ್ಲ ಕಣ್ಣುಬೇನೆ ಬಂತು, ಅತ್ತೆಗೂ ಬಂತು. ನಂದಿಬಟ್ಟಲು ಹೂವಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣಿಗೆ ಕಟ್ಟಿ ಕೂರಿಸಿ, ಮಾವನೂ ನನ್ನ ಗಂಡನೂ ಬೇರು ನಾರು ತರಲು ಗಾಡಿ ಹೂಡಿಕೊಂಡು ಬೆಟ್ಟದ ಕಡೆ ಹೋಗಿದ್ದರು. ಆದರೆ ನಮ್ಮ ಡಬ್ಬಿಗಳನ್ನು ಒಯ್ಯುವ ಹೊಸೂರಿನ ಬಸ್ಸು ನಮ್ಮ ಕಣ್ಣುಬೇನೆಗೆ ಕಾಯುತ್ತದೆಯೇ? ಬೆಳಿಗ್ಗೆ ಕಂಡಕ್ಟರು ಬಾಗಿಲಲ್ಲಿ ನಿಂತು, ಯಾರು ಯಾರಿಗೆ ಏನು ಬೇಕೆಂದು ಅತ್ತೆಗೆ ಹೇಳಿ ಹೋದ. ನಾನು ಆಗ ಬಾವಿಯ ಹತ್ತಿರ ಇದ್ದೆ.

ಒಳಗೆ ಬಂದಾಗ ಅತ್ತೆ ಹೇಳಿದರು: “ಬಾಕಿಯೋವೆಲ್ಲ ವಾಡಿಕೇದು. ಅವಲಪಲ್ಲಿ ಡಬ್ಬಿಗೆ ಮಾತ್ರ ಜ್ವರದ್ದು ಆರೂ ಒಂದು ಹಾಕು.”

ಜ್ವರದ್ದು ಆರು, ಒಂದು. ಹಾಗೇ ಹಾಕಿದೆ. ಅದೂ ವಾಡಿಕೆಯದೇ ಅಲ್ಲವೇ, ಬೇರೆ ಮಾಡಿ ಹೇಳುವುದೇಕೆ ಎಂದು ಒಂದು ಗಳಿಗೆ ಅನ್ನಿಸಿತು. ಕೇಳಿದರೆ ಬೈಯುತ್ತಾರೆ, ಕಣ್ಣು ಉರಿಯುವಾಗ ಅವರ ನಾಲಿಗೆಯೂ ಉರಿಯುತ್ತದೆ ಎಂದು ಸುಮ್ಮನಾದೆ.

ಅವತ್ತು ನೋಡುವ ಕಣ್ಣೂ ನನ್ನದೇ, ಕಟ್ಟಿದ ಕಣ್ಣೂ ನನ್ನದೇ. ಅತ್ತೆ ಬರೀ ಕಿವಿ. ಪೊಟ್ಟಣಗಳನ್ನು ಅವರೇ ಹಲಗೆಯ ಮೇಲೆ ತಟ್ಟಿದರು, ಬೆರಳಾಡಿಸಿ ಉದುರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಬಣ್ಣವೂ ಎಣಿಕೆಯೂ ನನ್ನ ಬಾಯಿಂದ ಬರಬೇಕು.

“ಅವಲಪಲ್ಲೀದು ಎಷ್ಟವೆ?”

“ಆರು, ಒಂದು” ಎಂದೆ.

“ತೂಕ?”

“ಸಮ ಅದೆ ಅತ್ತೆ.”

ಅರಗು ಬಿತ್ತು, ಮುದ್ರೆ ಬಿತ್ತು. ಬುಟ್ಟಿ ಬಸ್ಸು ಹತ್ತಿತು.

ಮಧ್ಯಾಹ್ನ ಊಟವಾದ ಮೇಲೆ ಕೃಷ್ಣಗಿರಿಯ ಕಡೆಯ ಡಬ್ಬಿಗಳಿಗೆ ಕೂತೆವು. ನೀಲಿ ಪೊಟ್ಟಣ ಹೆಚ್ಚು ಕಮ್ಮಿಯಾಗಬಾರದೆಂದು ಅತ್ತೆ ದಿನದ ವಾಡಿಕೆ ಡಬ್ಬಿಗಳಿಗೆ ಸರಿಯಾಗಿ ಬೆಳಿಗ್ಗೆಯೇ ಎಣಿಸಿ ಬಟ್ಟಲಿಗೂ, ಬಿಳಿಯವನ್ನು ಎಣಿಸಿ ತಟ್ಟೆಗೂ ಹಾಕಿಡುತ್ತಿದ್ದರು; ಅವತ್ತೂ ಕಂಡಕ್ಟರು ಹೋದ ಮೇಲೆ ಕೈ ತಡವಿ ಎಣಿಸಿಟ್ಟಿದ್ದರು. ಕೊನೆಯ ಡಬ್ಬಿಗೆ ಕೈ ಹಾಕಿದರೆ ಬಟ್ಟಲು ಬರಿದು. ಇತ್ತ ತಟ್ಟೆಯಲ್ಲಿ ಬಿಳಿ ದಾರದ್ದು ಒಂದು ಹೆಚ್ಚಿಗೆ ಉಳಿದಿತ್ತು.

“ನೀಲಿ ಒಂದು ಸಾಲ್ದು ಅತ್ತೆ.”

ಅವರ ಕೈ ನಿಂತಿತು. “ಬಿಳಿ?”

“ಒಂದು ಮಿಕ್ಕದೆ.”

“ಅವಲಪಲ್ಲೀದಕ್ಕೆ ಏನೇನ್ ಹಾಕ್ದೆ, ಬಿಡಿಸಿ ಹೇಳು.”

“ನೀವ್ ಹೇಳ್ದಂಗೇ. ಜ್ವರದ್ದು ಆರು, ಭೇದೀದು ಒಂದು.”

“ಅಯ್ಯೋ, ನಾನ್ ಹೇಳಿದ್ದು ಏಳಲ್ಲವೇನೇ!” ಎಂದು ಕಿರುಚಿದರು. “ಏಳು! ಏಳೂ ಜ್ವರದ್ದೇ! ತುಂಬು ಬಸುರಿ ಕಣೇ ಆ ಅವಲಪಲ್ಲಿ ಹುಡುಗಿ, ಎಂಟು ತಿಂಗ್ಳು ತುಂಬ್ಯದೆ!”

ಜಾಪಾಳ ಬಸುರಿಗೆ ಏನು ಮಾಡುತ್ತದೆಂದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ಕೂಸು ಹೋಗುತ್ತದೆ, ತಾಯಿಯೂ ಹೋಗಬಹುದು. ನೀಲಿ ದಾರದ್ದನ್ನು ಬೆಳಗಿನ ಜಾವಕ್ಕೆ ಕೊಡಬೇಕೆಂದು ಈ ಸೀಮೆಯಲ್ಲಿ ಬಹಳ ಜನಕ್ಕೆ ಗೊತ್ತು, ಹಾಗಾದರೆ ನಾಳೆಯವರೆಗೆ ಹೊತ್ತಿದೆ. ಗೊತ್ತಿಲ್ಲದವರಾದರೆ? ಮೇಲಿದ್ದದ್ದನ್ನು ತೆಗೆದು ಕೊಟ್ಟೇಬಿಟ್ಟಿದ್ದರೆ?

ಮಿಕ್ಕ ಬಿಳಿ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ನಾನೊಬ್ಬಳೇ ಹೋಗುತ್ತೇನೆಂದೆ. ಅತ್ತೆ ಕೇಳಲಿಲ್ಲ. ಮುದ್ರೆ ನನ್ನದು, ನಾನೇ ಬರುತ್ತೇನೆ ಎಂದು ಕಣ್ಣಿಗೆ ಬಟ್ಟೆ ಕಟ್ಟಿದ್ದ ಹಾಗೇ ಹೊರಟರು.

ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅದು. ಹಿಂದೆ ಕಟ್ಟಿದ ಒಲೆಗೆ ಇದ್ದಿಲು ಸುರಿದು, ಗಾಳಿ ಊದಿ, ಓಡಿಸಬೇಕು. ಏರು ಬಂದರೆ ಏದುಸಿರು ಬಿಟ್ಟು ನಿಲ್ಲುವುದು. ನಿಂತಾಗಲೆಲ್ಲ ಜನ ಇಳಿದು ಬೀಡಿ ಹಚ್ಚುತ್ತಿದ್ದರು, ಮಾತಾಡಿ ನಗುತ್ತಿದ್ದರು. ಅವರ ಮೇಲೆಲ್ಲ ನನಗೆ ಕೆಟ್ಟ ಕೋಪ. ಡ್ರೈವರನ ಹತ್ತಿರ ಹೋಗಿ ಬೇಗ ಹೊರಡಿಸಪ್ಪಾ ಎಂದು ಅಂಗಲಾಚಿದೆ.

“ಇದ್ಲು ಹತ್ಕೊಬೇಕಲ್ಲಮ್ಮ, ನಾನೇನ್ ಮಾಡ್ಲಿ?” ಎಂದ.

ಒಳಗೆ ಬಂದು ಕೂತರೆ ಅತ್ತೆ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. “ತಕ್ಕಡಿ ಹೇಳ್ತು ಕಣೇ. ಭೇದೀದು ಹಗುರ. ಏಳೂ ಜ್ವರದ್ದಾಗಿದ್ರೆ ಮಾದರಿಗಿಂತ ಜಾಸ್ತಿ ತೂಕ ಬರ್ಬೇಕಿತ್ತು. ಸಮ ಅಂದೆ ನೀನು, ಸಮ ಅಂತ ಖುಷಿಪಟ್ಟೆ ನಾನು.”

“ಏಳು ಅಂತ ಬಾಯ್ಬಿಟ್ಟು ಹೇಳಿದ್ರೆ ಏನ್ ಕಳ್ಕೊತಿದ್ರಿ ನೀವು?” ಎಂದೆ. ಅತ್ತೆಯ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

“ನೀಲಿ ಒಂದು ಅಂತ ಬಾಯ್ಬಿಟ್ಟು ನೀನು ಹೇಳಿದ್ರೆ?” ಎಂದರು ಅವರು. ಆದರೆ ಅವರು ನನ್ನ ಕೈ ಹಿಡಿದಿದ್ದರು, ಹೊಸೂರು ಬರುವವರೆಗೂ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೊಸೂರು ಸೇರಿದೆವು. ಬಸ್ಸು ನಿಲ್ಲುವಲ್ಲಿದ್ದ ಎಲೆಯಡಿಕೆ ಅಂಗಡಿಯವನು ನಮ್ಮ ಡಬ್ಬಿಗಳನ್ನು ಇಟ್ಟುಕೊಂಡು ಬಂದವರಿಗೆ ಕೊಡುತ್ತಿದ್ದ. ಅವಲಪಲ್ಲಿಯದನ್ನು ಆ ಬಸುರಿ ಹುಡುಗಿಯ ಅಪ್ಪ ಆಗಲೇ ತೆಗೆದುಕೊಂಡು ಹೋಗಿಬಿಟ್ಟಿದ್ದರಂತೆ. ಮನೆಯ ಗುರುತು ಕೇಳಿಕೊಂಡು, ಹೊಸೂರಿಗೆ ಅಂಟಿಕೊಂಡ ಅವಲಪಲ್ಲಿಗೆ ನಡೆದೆವು. ನಡೆದೆವು ಎನ್ನುವುದಕ್ಕಿಂತ ಅತ್ತೆಯನ್ನು ಎಳೆದುಕೊಂಡು ಹೋದೆ ಎನ್ನಬೇಕು. ಎರಡು ಸಲ ಎಡವಿದರು, ಒಂದು ಸಲವೂ ನಿಲ್ಲು ಎನ್ನಲಿಲ್ಲ.

ಮನೆಯ ಹೊಸಿಲ ಹತ್ತಿರ ಬಗ್ಗಿ ನೋಡಿದೆ. ಅರಗಿನ ಚೂರು ಬಿದ್ದಿದ್ದವು.

“ಏನೇ? ಯಾಕ್ ನಿಂತ್ಕೊಂಡೆ?” ಎಂದರು ಅತ್ತೆ. ಅವರ ಕೈ ಹಿಡಿದು ಒಳಗೆ ನುಗ್ಗಿದೆ.

ಹೆರಿಗೆಗೆಂದು ತವರಿಗೆ ಬಂದಿದ್ದ ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ಅವಳ ತಾಯಿ ನಮ್ಮನ್ನು ನೋಡಿ ಬೆರಗಾದರು. “ಪಂಡಿತರ ಮನೇವ್ರು! ಇಷ್ಟ್ ದೂರ ಯಾಕ್ ಬಂದ್ರಿ ತಾಯಿ? ಮೈ ಸುಡ್ತಿತ್ತು, ಈಗ್ತಾನೆ ಒಂದು ಪೊಟ್ಟಣ ಕುಡಿಸ್ದೆ.”

“ಯಾವ್ದು?” ಎಂದೆವು ಇಬ್ಬರೂ.

“ಮೇಲಿದ್ದದ್ದು.”

ದಾರ ಎಲ್ಲಿ ಎಂದೆ. ದಾರ, ಕಾಗದ ಎಲ್ಲ ಒಲೆಗೆ ಹಾಕಿದ್ದಾಯಿತು ಎಂದರು ತಾಯಿ. ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ದೀಪದ ಬುಡಕ್ಕೆ ಸುರಿದೆ. ಬಿಳಿ. ಬಿಳಿ. ಬಿಳಿ. ಮತ್ತೊಂದು ಬಿಳಿ. ಇನ್ನೊಂದು ಬಿಳಿ. ಎಲ್ಲಕ್ಕೂ ಕೊನೆಗೆ ಡಬ್ಬಿಯ ಅಡಿಯಿಂದ ನೀಲಿ ದಾರ ಹೊರಬಂತು.

“ಅದೆ ಅತ್ತೆ! ನೀಲಿ ಇಲ್ಲೇ ಅದೆ!”

ಆ ತಾಯಿ ಡಬ್ಬಿಯನ್ನು ತಲೆಕೆಳಗಾಗಿ ಬಿಚ್ಚಿದ್ದರು. ನಮ್ಮ ತಳ ಅವರಿಗೆ ಮುಚ್ಚಳವಾಗಿತ್ತು. ಅಷ್ಟೇ. ನಮ್ಮ ಹಲಗೆ, ಮೊರ, ತಕ್ಕಡಿ, ಮುದ್ರೆ ಯಾವುದೂ ಅವಳನ್ನು ಉಳಿಸಲಿಲ್ಲ. ಅತ್ತೆ ಅತ್ತರು. ಕಟ್ಟಿದ ಬಟ್ಟೆ ಒದ್ದೆಯಾಗುವಷ್ಟು ಅತ್ತು, ನೀಲಿ ಪೊಟ್ಟಣವನ್ನು ತಾವೇ ಒಲೆಗೆ ಹಾಕಿದರು.

ವಿಷಯ ಹೇಳಿದಾಗ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ನೀಲೀದು ಬೆಳಗಿನ ಜಾವಕ್ಕೆ ಅಂತ ನಂಗೂ ಗೊತ್ತಿತ್ತು. ಕಂಡಿದ್ರೆ ನಾಳೆ ಕೊಟ್ಟೇಬಿಡ್ತಿದ್ದೆ. ಬಸುರಿಗೆ ಆಗ್ದು ಅಂತ ನಂಗೇನ್ ಗೊತ್ತು? ನಿಮ್ ಮುದ್ರೆ ಇತ್ತಲ್ಲಮ್ಮ, ಇನ್ನೇನ್ ನೋಡೋದು?”

ನಾನು ಸೆರಗು ಬಿಚ್ಚಿ ಬಿಳಿ ಪೊಟ್ಟಣವನ್ನು ಡಬ್ಬಿಗೆ ಹಾಕಲು ಹೋದೆ. ಅಷ್ಟರವರೆಗೆ ಸುಮ್ಮನೆ ಮಲಗಿದ್ದ ಹುಡುಗಿ ಮೊಣಕೈ ಊರಿ ಎದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

“ಇದನ್ನ ಯಾರು ನೋಡಿದ್ರು?” ಎಂದು ಕೇಳಿದಳು.

‘ನಾನು’ ಎನ್ನಲು ಹೋಗಿ ನುಂಗಿಕೊಂಡೆ. ಬೆಳಿಗ್ಗೆಯೂ ನೋಡಿದ್ದು ನಾನೇ. ಅತ್ತೆಯ ಕಣ್ಣಿಗೋ ಬಟ್ಟೆ ಕಟ್ಟಿತ್ತು. ಅವರು ಕೈ ಚಾಚಿ ಪೊಟ್ಟಣ ಇಸಿದುಕೊಂಡು ಬಿಚ್ಚಿದರು, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ನನ್ನ ಕಡೆ ಹಿಡಿದರು. ನಾನೂ ಹಾಕಿಕೊಂಡೆ. ಕಹಿ, ಹಿಂದೆಯೇ ಶುಂಠಿಯ ಖಾರ. ಆಮೇಲೆ ತಾಯಿಗೆ ಕೊಟ್ಟೆವು, ಅವರೂ ನೆಕ್ಕಿದರು. ಡಬ್ಬಿಯಲ್ಲಿ ಉಳಿದಿದ್ದವನ್ನೂ ಒಂದೊಂದಾಗಿ ಬಿಚ್ಚಿ ಹಾಗೇ ಮಾಡಿದೆವು. ಹುಡುಗಿ ಮಲಗಲಿಲ್ಲ. ಹೊಟ್ಟೆಯ ಮೇಲಿನ ಕೈಯನ್ನು ಹಾಗೇ ಇಟ್ಟುಕೊಂಡು, ನಮಗೇನಾಗುತ್ತದೋ ಎಂದು ಮೂವರ ಮುಖವನ್ನೂ ನೋಡುತ್ತಾ ಕೂತಿದ್ದಳು.