ಮೊದಲಿನ ಹಾಗೆಯೇ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದಿತ್ತು. ಮಾಲೀಕರು ನಮ್ಮ ಉಡುಪಿ ಕಡೆಯವರು, ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು. ಪ್ರತಿ ವರ್ಷ ಅಲ್ಲಿನ ಆಡಿಟ್ಟಿಗೆ ಕಳವಾ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಜೋತುಬಿದ್ದು ಹೋಗುತ್ತಿದ್ದವನು ನಾನು. ಅವರಷ್ಟು ಮಮತೆಯಿಂದ ಊಟ ಹಾಕಿಸಿದವರು ಬೇರೆ ಯಾರೂ ಇರಲಿಲ್ಲ. ಆಡಿಟ್ ಮಾಡುವವನಿಗೆ ಅದಕ್ಕಿಂತ ದೊಡ್ಡ ತೊಂದರೆ ಇಲ್ಲ.

ಆ ವರ್ಷ ಲಾಭ ತೋರಿಸದಿದ್ದರೆ ಸಾಲ ಮುಂದುವರಿಸುವುದಿಲ್ಲ ಎಂದು ಬ್ಯಾಂಕು ಹೇಳಿಬಿಟ್ಟಿತ್ತು. ಸಾಲ ನಿಂತರೆ ಕಾರ್ಖಾನೆಗೆ ಬೀಗ. ಅವರ ಲೆಕ್ಕದಲ್ಲಿ ಲಾಭವೇನೋ ಇತ್ತು, ಕೂದಲೆಳೆಯಷ್ಟು.

ಆಸ್ತಿಪಟ್ಟಿ ಹಿಡಿದು ಒಳಗೆ ಸುತ್ತಿದೆ. ಪಟ್ಟಿಯಲ್ಲಿದ್ದದ್ದು ನೆಲದ ಮೇಲಿದೆಯೇ, ನೆಲದ ಮೇಲಿದ್ದದ್ದು ಪಟ್ಟಿಯಲ್ಲಿದೆಯೇ ಎಂದು ನೋಡುವುದು ನಮ್ಮ ಕೆಲಸ. ಪಟ್ಟಿಯಲ್ಲಿ ಹಳೆಯ ಬಾಯ್ಲರಿನ ಕೆಳಗೆ ‘ಹೊಸ ಬಾಯ್ಲರ್’ ಎಂದಿತ್ತು. ನೆಲದ ಮೇಲೆ ಇದ್ದದ್ದು ಒಂದೇ.

"ಹೊಸದು ಎಲ್ಲಿ?"

"ಇದೇ ಮಾರಾಯ್ರೆ! ಟ್ಯೂಬೆಲ್ಲ ಬದಲಿಸಿ, ಬಣ್ಣ ಬಳಿದು ಹೊಸತು ಮಾಡಿಸಿದ್ದು."

ನಮ್ಮ ಕಡೆ ಸೈಕಲ್ಲು ರಿಪೇರಿ ಮಾಡಿಸಿದರೂ ಹೊಸತು ಮಾಡಿಸಿದೆ ಎನ್ನುತ್ತೇವೆ. ಆದರೆ ರಿಪೇರಿ ಆ ವರ್ಷದ ಖರ್ಚು. ಯಂತ್ರದ ಶಕ್ತಿಯೋ ಆಯುಷ್ಯವೋ ಮೊದಲಿಗಿಂತ ಹೆಚ್ಚಿದರೆ ಮಾತ್ರ ಅದನ್ನು ಆಸ್ತಿಗೆ ಸೇರಿಸಬಹುದು.

"ಹಬೆ ಈಗ ಜಾಸ್ತಿ ಬರ್ತದಾ? ಇನ್ನೂ ಹೆಚ್ಚು ವರ್ಷ ಬಾಳ್ತದಾ?" ಹೌದೆನ್ನಲಿ ಎಂದು ನಾನು ದೇವರನ್ನೇ ಬೇಡುತ್ತಿದ್ದೆ.

ಅವರು ಅಭಿಮಾನದಿಂದ ಬಾಯ್ಲರಿನ ಮೈ ತಟ್ಟಿದರು. "ಜಾಸ್ತಿ ಎಂತಕ್ಕೆ? ತಂದ ದಿನ ಹೇಗಿತ್ತೋ ಹಾಗೆಯೇ. ಒಂಚೂರು ವ್ಯತ್ಯಾಸ ಇಲ್ಲ!"

ಇನ್ಸ್‌ಪೆಕ್ಟರರ ಬಾಯ್ಲರ್ ಸರ್ಟಿಫಿಕೇಟಿನಲ್ಲೂ ಹಬೆಯ ಅದೇ ಹಳೆಯ ಒತ್ತಡ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ; ರಿಪೇರಿಯ ದುಡ್ಡನ್ನು ಆ ವರ್ಷದ ಖರ್ಚಿಗೇ ಹಾಕಬೇಕಾಯಿತು.

ಅದು ಸಾಲದೆಂಬಂತೆ ಸವಕಳಿ, ಅಂದರೆ ಯಂತ್ರ ಸವೆದಷ್ಟು ಬೆಲೆಯನ್ನು ವರ್ಷವರ್ಷ ಖರ್ಚಿಗೆ ಹಾಕುವ ಲೆಕ್ಕ. ಬಟ್ಟೆ ಅದ್ದುವ ಯಂತ್ರಗಳಿಗೆ ಅವರು ಹದಿನೈದು ವರ್ಷ ಆಯುಷ್ಯ ಬರೆದಿದ್ದರು. ಆಸಿಡ್ಡಿನ ಆವಿಯಲ್ಲಿ ಹಿಂದಿನವು ಅದರ ಅರ್ಧಕ್ಕೇ ತುಕ್ಕು ತಿಂದು ಗುಜರಿಗೆ ಹೋಗಿದ್ದವು. ಆಯುಷ್ಯ ಇಳಿಸಬೇಕಾಯಿತು, ವರ್ಷದ ಸವಕಳಿ ಏರಿತು. ಕೂದಲೆಳೆ ಹರಿದು ನಷ್ಟವಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬ್ಯಾಂಕು ಕೈಬಿಟ್ಟಿತು. ಬೇರೆ ಬ್ಯಾಂಕು ಸಿಕ್ಕೀತೆಂದು ಅವರು ಕಾರ್ಖಾನೆ ಮಾರದೆ ಕಾದರು. ಮರುವರ್ಷ ನಾನು ಮತ್ತೆ ಹೋದಾಗ ತಾವೇ ಬೀಗ ತೆಗೆದರು. ಬಾಯ್ಲರ್ ತಣ್ಣಗಿತ್ತು. ‘ಇದೆ’ ಎಂದು ಪಟ್ಟಿಯಲ್ಲಿ ಗುರುತು ಹಾಕಿಕೊಂಡೆ.

"ಇಡೀ ವರ್ಷ ಓಡ್ಲೇ ಇಲ್ಲ. ಇದಕ್ಕೆ ಈ ಸಲ ಸವಕಳಿ ಇಲ್ಲ ಅಲ್ವಾ?"

"ಸುಮ್ಮನೆ ನಿಂತರೂ ಸವೆಯುತ್ತದೆ, ಅಣ್ಣ. ಹಾಕಲೇಬೇಕು."

ಅವರು ಬಾಯ್ಲರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, "ಬೆಂಕಿ ಹಾಕಿ ನೋಡಿ," ಎಂದರು, "ಮೊದಲಿನ ಹಾಗೆಯೇ ಓಡ್ತದೆ."