ಚಪ್ಪಲಿ ಕಾಯುವ ಕೆಲಸ

ಇಂಡಿ ಊರಿನ ಆ ಶಾಲೆಯಲ್ಲಿ ಖೋಖೋ ಆಡುವುದು ಬರಿಗಾಲಲ್ಲಿ. ಆಟದ ತಾಸು ಬಂತೆಂದರೆ ಮಕ್ಕಳು ಬೇವಿನ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು ಓಡುತ್ತವೆ. ಆ ರಾಶಿ ಕಾಯುವ ಕೆಲಸ ಮೈ ನೆಟ್ಟಗಿಲ್ಲದವರದು. ಆ ವರ್ಷ ಆರನೆಯ ಇಯತ್ತೆಯಲ್ಲಿ ಅಂಥವರು ಇಬ್ಬರಿದ್ದರು: ಅಸ್ತಮಾ ಇರುವ ನನ್ನ ಮಗಳು, ಮತ್ತು ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಅವಳ ಗೆಳತಿ, ಬಳೆ ಅಂಗಡಿಯವರ ಮಗಳು.

ನನ್ನ ಮಗಳಿಗೆ ಆ ಕೆಲಸ ಕೊಡಿಸಿದವಳು ನಾನೇ. ಮುಖ್ಯೋಪಾಧ್ಯಾಯಿನಿ, ಎಲ್ಲರೂ ದೊಡ್ಡ ಬಾಯಾರು ಎನ್ನುವವರು, ಆಟದಿಂದ ವಿನಾಯಿತಿ ಕೋರಿ ಪತ್ರ ಬರೆದುಕೊಡಲು ಹೇಳಿದ್ದರು. ಕಾನ್ವೆಂಟಿನಲ್ಲಿ ಕಲಿತ ಕೈ ನನ್ನದು. ಹೇಳಿದ್ದನ್ನು ಅಂಚು ಬಿಟ್ಟು, ಗೆರೆ ತಪ್ಪದೆ ಬರೆದುಕೊಟ್ಟೆ. ಔಷಧಗಳೆಲ್ಲ ಆಫೀಸಿನ ಕಪಾಟಿನಲ್ಲಿರಬೇಕು ಎಂದರು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಅವಳ ನೀಲಿ ಇನ್ಹೇಲರ್ ಪಂಪಿಗೆ ಹೆಸರಿನ ಚೀಟಿ ಅಂಟಿಸಿ ಅದನ್ನೂ ಒಪ್ಪಿಸಿದೆ. ಸಹಿ ಮಾಡುವಾಗ ಪಕ್ಕದಲ್ಲಿ ನಿಂತಿದ್ದ ಮಗಳು ತನ್ನ ಹೆಬ್ಬೆರಳಿನ ಉಗುರನ್ನೇ ನೋಡುತ್ತಿದ್ದಳು. ನಾನು ಅದನ್ನು ಕಂಡೆ, ಆದರೆ ಕೇಳಲಿಲ್ಲ.

ತೊಗರಿ ರಾಶಿಯ ದಿನಗಳಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ನಮ್ಮ ಮನೆ ಎರಡೇ ಓಣಿ ಆಚೆ. ಮನೆಯಲ್ಲಿಟ್ಟಿದ್ದ ಇನ್ನೊಂದು ಪಂಪು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ನಳಿಗೆ ಹಿಡಿದು ಓಡಿದೆ. ಮೈದಾನದ ಬೇಲಿಯಾಚೆ ಮಷೀನು ತೊಗರಿ ಒಕ್ಕುತ್ತಿತ್ತು; ಹೊಟ್ಟಿನ ಧೂಳು ನೇರ ಈ ಕಡೆಗೇ. ಒಬ್ಬಳು ಕಡಿಮೆ ಬಿದ್ದಳೆಂದು ಗೆಳತಿಯರು ಕರೆದರಂತೆ, ಇವಳು ಚಪ್ಪಲಿ ಬಿಟ್ಟು ಓಡಿದಳಂತೆ. ಈಗ ವರಾಂಡದಲ್ಲಿ ಅಂಗಾತ ಮಲಗಿಸಿ, ಹಾಜರಿ ಪುಸ್ತಕದಿಂದ ಗಾಳಿ ಬೀಸುತ್ತಿದ್ದರು. ಸುತ್ತ ಮಕ್ಕಳ ಗುಂಪು. ಪಂಪು ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ದೊಡ್ಡ ಬಾಯಾರ ಪರ್ಸಿನಲ್ಲಿ, ಬಾಯಾರು ಮೀಟಿಂಗಿಗೆಂದು ವಿಜಯಪುರದಲ್ಲಿ.

ಎಬ್ಬಿಸಿ ಕೂರಿಸಿದೆ, ತುಸು ಮುಂದಕ್ಕೆ ಬಾಗಿಸಿದೆ. ಕೊರಳಿನ ಕೆಳಗಿನ ಕುಳಿ ಪ್ರತಿ ಉಸಿರಿಗೂ ಒಳಗೆ ಜಗ್ಗುತ್ತಿತ್ತು. "ಅವ್ವಾ" ಎಂದು ಒಂದು ಮಾತು; ಮುಂದಿನ ಮಾತಿಗೆ ಉಸಿರಿರಲಿಲ್ಲ. ಪಂಪು ಅಲುಗಾಡಿಸಿ ಒಂದು ಸಲ ಒತ್ತಿದೆ, ನಳಿಗೆಯಲ್ಲಿ ನಿಧಾನಕ್ಕೆ ಉಸಿರಾಡಿಸಿದೆ. ಅರ್ಧ ನಿಮಿಷ ಬಿಟ್ಟು ಮತ್ತೊಂದು. ಹತ್ತು ಸಲಕ್ಕೂ ಇಳಿಯದಿದ್ದರೆ ತಡಮಾಡದೆ ೧೦೮ಕ್ಕೆ ಫೋನು ಮಾಡಬೇಕೆಂದು ಡಾಕ್ಟರು ಹೇಳಿಕೊಟ್ಟಿದ್ದರು. ಆರನೆಯದಕ್ಕೆ ಹೆಗಲು ಕೆಳಗಿಳಿಯಿತು. ಅದೇ ಗಳಿಗೆ ಆಟೋದಲ್ಲಿ ದವಾಖಾನೆಗೆ ಒಯ್ದೆ.

ಸಂಜೆ ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಅವ್ವಾ, ನೀ ಬರದ ಆ ಚೀಟಿ ವಾಪಸ್ ತಗೊ. ನಾ ಮುದುಕಿ ಅಲ್ಲ."

ಡಾಕ್ಟರೂ ಅವಳ ಕಡೆಗೇ. ಬೆಳಿಗ್ಗೆ ಸಂಜೆಯ ಔಷಧ ತಪ್ಪದಿದ್ದರೆ, ಆಟಕ್ಕೆ ಹದಿನೈದು ನಿಮಿಷ ಮೊದಲು ನೀಲಿ ಪಂಪು ಎರಡು ಸಲ ಎಳೆದುಕೊಂಡು ನಿಧಾನವಾಗಿ ಮೈ ಬಿಸಿ ಮಾಡಿಕೊಂಡರೆ, ಖೋಖೋ ಇವಳಿಗೆ ಒಗ್ಗುವ ಆಟ, ತುಸು ಓಟ, ತುಸು ಕೂರುವುದು ಎಂದರು. ಧೂಳಿನ ದಿನ, ನೆಗಡಿಯ ದಿನ ಮಾತ್ರ ಬೇಡ. ಪಂಪು ಎಲ್ಲಿರಬೇಕು ಎಂದು ಕೇಳಿದೆ. ಅವಳ ಕೈಗೆ ಸಿಗುವಲ್ಲಿ ಎಂದು ಬರೆದುಕೊಟ್ಟರು.

ಮರುದಿನ ದೊಡ್ಡ ಬಾಯಾರು ಡಾಕ್ಟರ ಚೀಟಿ ಓದಿ ಮಡಿಚಿಟ್ಟರು. ನನ್ನ ಪತ್ರ ಫೈಲಿಗೆ ಹೋಗಿದೆ, ಮರಳಿ ಕೊಡಲಾಗದು, ಪಂಪು ಮಕ್ಕಳ ಕೈಯಲ್ಲಿದ್ದರೆ ಆಟಿಕೆಯಾಗುತ್ತದೆ ಎಂದರು. ಕೊನೆಗೆ, "ಏನರ ಆದ್ರ ಜವಾಬ್ದಾರಿ ಯಾರ್ರೀ?" ಎಂದು ಕೇಳಿದರು.

"ನಿನ್ನೆ ಆತಲ್ರಿ ಬಾಯಾರ," ಎಂದೆ. "ಕೀಲಿ ನಿಮ್ಮ ಕಡೆ ಇತ್ತು."

ಜೀವನದಲ್ಲಿ ಒಬ್ಬ ಬಾಯಾರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಹೇಳಿ ಹೊರಬಂದೆ.

ಆ ರಾತ್ರಿ ಹಳೆಯ ಜಂಪರಿನ ಬಟ್ಟೆಯಲ್ಲಿ ಒಂದು ಸೊಂಟದ ಚೀಲ ಹೊಲಿದೆ. ಮುಂದಿನ ಆಟದ ತಾಸಿಗೆ ಅದರಲ್ಲಿ ಮನೆಯ ಪಂಪು ಇಟ್ಟು ಮಗಳಿಗೆ ಕಟ್ಟಿ, ಲಿಂಬು ಶರಬತ್ತಿನ ಬಾಟಲಿ ಹಿಡಿದು ಬೇವಿನ ಬುಡದಲ್ಲಿ ಹೋಗಿ ಕೂತೆ. ಪೀಟಿ ಮಾಸ್ತರು ಸೀಟಿ ಬಾಯಲ್ಲಿಟ್ಟುಕೊಂಡೇ ಬಂದರು.

"ಚಪ್ಪಲಿ ನಾ ಕಾಯ್ತೇನ್ರಿ ಸರ. ಈಕಿ ಆಡ್ಲಿ," ಎಂದೆ.

"ಅಕ್ಕಾರ, ನಾಳೆ ಉರುಲು ನನ್ನ ಕೊಳ್ಳಿಗಿ ಬರ್ತೈತ್ರಿ."

"ಅದಕ್ಕ ನಾನೂ ಬಂದೇನ್ರಿ, ಹಗ್ಗ ಎಳಿಯಾಕ."

ಅವರು ನಗಲಿಲ್ಲ. ಆದರೆ ಅವಳನ್ನು ಸಾಲಿನಲ್ಲಿ ಕೂರಿಸಿದರು.

ಮೂರು ವಾರ ಹೀಗೇ ಹೋದೆ. ಓಣಿಯವರು ಅವ್ವನೂ ಶಾಲೆಗೆ ಸೇರಿದಳೆಂದು ಆಡಿಕೊಂಡರು. ಕೂತಲ್ಲೇ ಮಾಸ್ತರಿಗೆ ತೋರಿಸುತ್ತಿದ್ದೆ: ನೋಡ್ರಿ, ಒಣ ಕೆಮ್ಮು ಸುರುವಾಯಿತು, "ಖೋ" ಅರ್ಧಕ್ಕೇ ನಿಂತಿತು, ಭುಜ ಕಿವಿಯ ಹತ್ತಿರ ಹೋಯಿತು. ಆಗ ನಿಲ್ಲಿಸಬೇಕು, ಬಿದ್ದಾಗ ಅಲ್ಲ. ಅವರು ಕೇಳಿಯೂ ಕೇಳದಂತೆ ನಿಲ್ಲುತ್ತಿದ್ದರು. ಅವಳು ಸುಸ್ತಾದ ದಿನ ಮಾತ್ರ ಯಾಕೋ ಆಟವೇ ಬೇಗ ಮುಗಿಯುತ್ತಿತ್ತು.

ಬಳೆ ಅಂಗಡಿಯವರ ಮಗಳನ್ನು ಮಾತ್ರ ಆಡಲು ಕರೆದಿರಲಿಲ್ಲ. ಅವಳ ಡಾಕ್ಟರ ಚೀಟಿ ಬರಲಿ ಎಂದು ಮಾಸ್ತರು ಹೇಳಿದ್ದರು. ನನ್ನ ಪಕ್ಕ ಕೂತು ಚಪ್ಪಲಿಗಳನ್ನು ಜೋಡಿ ಮಾಡುವುದೇ ಅವಳ ಆಟ. ಒಂದು ದಿನ ಜೋಡಿ ತಪ್ಪತೊಡಗಿತು. ಎಡಕ್ಕೆ ಎಡವನ್ನೇ ಇಟ್ಟಳು. ಯಾಕೆ ತಾಯಿ ಎಂದರೆ ಸಿಡುಕಿದಳು. ತಂಪು ನೆರಳಿನಲ್ಲಿ ಅವಳ ಮೇಲ್ದುಟಿಯಲ್ಲಿ ಬೆವರಿನ ಹನಿ, ಬೆರಳುಗಳಲ್ಲಿ ನಡುಕ. ಸೊಕ್ಕು ಬಂದೈತಿ ಎಂದರು ಮಾಸ್ತರು.

"ಸೊಕ್ಕಲ್ರಿ, ಸಕ್ಕರಿ ಇಳದೈತಿ," ಎಂದು ಶರಬತ್ತನ್ನು ಅವಳ ಬಾಯಿಗಿಟ್ಟೆ. ಸಕ್ಕರೆ ಹಾಕಿದ್ದ ಶರಬತ್ತು ಅದು; ಅವಳಿಗೆ ಎಚ್ಚರವಿತ್ತು, ನುಂಗಬಲ್ಲವಳಾಗಿದ್ದಳು. ಒಂದು ಲೋಟದಷ್ಟು ಕುಡಿಸಿದೆ.

ಆಟದ ತಾಸಿಗೆ ವರ್ಗಕೋಣೆಗೆ ಬೀಗ ಹಾಕುವುದು ಶಾಲೆಯ ರೂಢಿ. ಅವಳ ಸಕ್ಕರೆ ನೋಡುವ ಮಷೀನು, ಗ್ಲುಕೋಸು, ಊಟದ ಡಬ್ಬಿ ಎಲ್ಲ ಬೀಗದ ಒಳಗೆ. ಕೀಲಿ ಮಾಸ್ತರ ಕಡೆ ಇತ್ತು. ಐವತ್ತು ದಾಟಿದ ಆ ಮನುಷ್ಯ ಓಡಿದ ಓಟವನ್ನು ನಾನು ಮರೆತಿಲ್ಲ. ಅವಳ ಶಾಲೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದರು. ಹುಡುಗಿ ತಾನೇ ಬೆರಳು ಚುಚ್ಚಿಕೊಂಡಳು: ಅರವತ್ತೆರಡು. ಹದಿನೈದು ನಿಮಿಷ ಕಾದು ಮತ್ತೆ ನೋಡಿದಾಗ ತೊಂಬತ್ತಾರು. ಆಮೇಲೆ ಚಪಾತಿ ತಿಂದಳು. ಅಷ್ಟೂ ಹೊತ್ತು ಮಾಸ್ತರು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಕೂತಲ್ಲೇ ಹಿಂಗ ಆಗ್ತದ ಅಂದ್ರ, ಕೂಡ್ರಿಸಿ ಏನ್ ಉಳಿಸಿದಂಗಾತು ನಾನು?" ಎಂದರು. ನನ್ನನ್ನಲ್ಲ, ಚಪ್ಪಲಿಗಳನ್ನು ಕೇಳಿದಂತಿತ್ತು.

ಬಳೆ ಅಂಗಡಿಯವರು ಮರುವಾರವೇ ತಮ್ಮ ಡಾಕ್ಟರ ಚೀಟಿ ತಂದರು. ಆಟಕ್ಕೆ ಮೊದಲು ಅವಳು ಸಕ್ಕರೆ ನೋಡಿಕೊಳ್ಳುವುದು, ಕಡಿಮೆ ಇದ್ದರೆ ತಿಂದು ಕಾಯುವುದು, ತೀರ ಏರಿದ್ದರೆ ಮನೆಗೆ ಫೋನು ಮಾಡಿ ಕೇಳದೆ ಓಡದಿರುವುದು ಎಂದಾಯಿತು. ಮಷೀನು, ಗ್ಲುಕೋಸು ಇಟ್ಟುಕೊಳ್ಳಲು ಅವಳಿಗೂ ಒಂದು ಸೊಂಟದ ಚೀಲ ಹೊಲಿದುಕೊಟ್ಟೆ. ಊಟಕ್ಕೆ ಮುಂಚಿನ ಆಟದ ತಾಸು ಬೆಳಗಿನ ಎರಡನೆಯ ತಾಸಿಗೆ ಸರಿಯಿತು. ಆಗ ರಾಶಿ ಮಷೀನೂ ಸುರುವಾಗಿರುವುದಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಬಾಯಾರು ಮೈದಾನಕ್ಕೆ ಬಂದು, ಸೊಂಟದ ಚೀಲ ಕಟ್ಟಿದ ಇಬ್ಬರನ್ನೂ ಸಾಲಿನಿಂದ ಎಬ್ಬಿಸಲು ಹೇಳಿದರು. ಉತ್ತರ ಕೊಡಲು ಎದ್ದದ್ದು ನಾನು. ಆದರೆ ಮಾಸ್ತರು ಸೀಟಿ ತೆಗೆದು ಜೇಬಿಗಿಟ್ಟರು.

"ಅವರನ್ನ ಎಬ್ಬಿಸಿದ್ರ ಎಲ್ಲಾರನೂ ಎಬ್ಬಿಸ್ತೇನ್ರಿ ಬಾಯಾರ. ಇವತ್ತ ಯಾರೂ ಆಡೂದಿಲ್ಲ."

ಬಾಯಾರು ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು. ಸಾಲಿನಲ್ಲಿ ಒಬ್ಬರೂ ಅಲುಗಲಿಲ್ಲ. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದರು.

ನನ್ನ ಪತ್ರ ಇನ್ನೂ ಅವರ ಫೈಲಿನಲ್ಲೇ ಇದೆ, ಅಂದದ ಅಕ್ಷರದಲ್ಲಿ. ಇರಲಿ. ಆ ದಿನ ನಾನು ಆಟ ಮುಗಿಯುವ ಮೊದಲೇ ಎದ್ದು ಮನೆಗೆ ಬಂದೆ. ಚಪ್ಪಲಿ ರಾಶಿ ಬೇವಿನ ಬುಡದಲ್ಲಿ ಹಾಗೇ ಬಿದ್ದಿತ್ತು, ಯಾರೂ ಕಾಯುತ್ತಿರಲಿಲ್ಲ.